ನಾಗಲಮಡಿಕೆಯ ಕಿರಾಣಿ ಅಂಗಡಿ: ಏರಿಳಿತದ ಆದಾಯವನ್ನು ತೊಡಗಿಸುವ ಬಗೆ



ಪಾವಗಡ ತಾಲ್ಲೂಕಿನ ನಾಗಲಮಡಿಕೆ ಉತ್ತರ ಪಿನಾಕಿನಿಯ ದಡದ ಊರು. ಅಂತ್ಯ ಸುಬ್ರಹ್ಮಣ್ಯ ಸ್ವಾಮಿಯ ಸನ್ನಿಧಿಯಿಂದ ಹೆಸರಾದ ಈ ಊರಿನಲ್ಲಿ ಪುಷ್ಯ ಮಾಸದ ಜಾತ್ರೆಯ ದಿನಗಳಲ್ಲಿ ಅಂಗಡಿಗಳ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಅದೇ ಅಂಗಡಿಗಳ ಮುಂದೆ ಜುಲೈ ತಿಂಗಳ ಮಧ್ಯಾಹ್ನ ನಿಂತರೆ ಅಂಗಡಿಯವರು ಗಲ್ಲಾದ ಬಳಿ ಕುಳಿತು ಆಕಾಶ ನೋಡುತ್ತಿರುತ್ತಾರೆ. ಒಂದೇ ಅಂಗಡಿ, ಒಂದೇ ಶ್ರಮ. ಆದಾಯ ಮಾತ್ರ ಒಂದು ತಿಂಗಳಿನಂತೆ ಇನ್ನೊಂದು ತಿಂಗಳು ಇರುವುದಿಲ್ಲ.

ಗ್ರಾಮ ಪಂಚಾಯಿತಿಯ ಸದಸ್ಯರಲ್ಲಿ ಹಲವರು ಸ್ವತಃ ಅಂಗಡಿ, ಹೋಟೆಲು, ಗಿರಣಿ, ಟೈಲರಿಂಗ್, ವೆಲ್ಡಿಂಗ್ ನಡೆಸುವವರು. ಇನ್ನುಳಿದವರ ಬಳಿಗೆ ಅಂಥವರು ಬಂದು, "ಕೈಗೆ ಸ್ವಲ್ಪ ದುಡ್ಡು ಬಂದಿದೆ, ಎಲ್ಲಿ ಹಾಕಲಿ?" ಎಂದು ಕೇಳುತ್ತಾರೆ. ಸಂಬಳದವರಿಗೆ ಹೇಳುವ ಉತ್ತರ ಇವರಿಗೆ ಹೊಂದುವುದಿಲ್ಲ. ತಿಂಗಳಿಗೆ ಇಂತಿಷ್ಟು ಕಟ್ಟಿರಿ ಎಂಬ ಸಲಹೆ ಜನವರಿಯಲ್ಲಿ ಸುಲಭವಾಗಿ ನಡೆದು ಜುಲೈನಲ್ಲಿ ಮುರಿಯುತ್ತದೆ. ಆದ್ದರಿಂದ ಅಂಗಡಿಯೊಂದರ ಲೆಕ್ಕವನ್ನೇ ಬಿಡಿಸಿ ನೋಡುವುದು ಮೇಲು. ಇಲ್ಲಿ ಹೇಳುವ ಕಿರಾಣಿ ಅಂಗಡಿ ಯಾರೊಬ್ಬರದೂ ಅಲ್ಲ. ಲೆಕ್ಕಕ್ಕಾಗಿ ಇಟ್ಟುಕೊಂಡ ಉದಾಹರಣೆ. ತಿಂಗಳುಗಳ ಏರಿಳಿತ ಮಾತ್ರ ಈ ಭಾಗದ ಎಲ್ಲರಿಗೂ ಪರಿಚಿತವಾದದ್ದು.

ಮೊದಲು ಏರಿಳಿತದ ಕಾರಣವನ್ನು ತಿಳಿಯಬೇಕು. ಪಾವಗಡ ಶೇಂಗಾ ಬೆಳೆಯುವ ಒಣಭೂಮಿಯ ಸೀಮೆ. ಮುಂಗಾರಿನಲ್ಲಿ ಬಿತ್ತನೆಯಾದರೆ ಕಾಯಿ ಕಿತ್ತು ಹಣ ಕೈಗೆ ಬರುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಬಿತ್ತನೆಯ ತಿಂಗಳುಗಳಲ್ಲಿ ರೈತನ ಕೈಯಲ್ಲಿದ್ದ ಹಣ ಬೀಜಕ್ಕೆ, ಗೊಬ್ಬರಕ್ಕೆ, ಕೂಲಿಗೆ ಹೋಗಿರುತ್ತದೆ. ಹಾಗೆಂದು ಮನೆಯಲ್ಲಿ ಒಲೆ ಆರುವುದಿಲ್ಲ. ಬೇಳೆ, ಎಣ್ಣೆ, ಸೋಪು, ಸಕ್ಕರೆ ಎಂದಿನಂತೆಯೇ ಬೇಕು. ಅವನ್ನು ಅಂಗಡಿಯಿಂದ ತಂದು ಬಾಕಿ ಪುಸ್ತಕದಲ್ಲಿ ಬರೆಸಲಾಗುತ್ತದೆ. ಹೀಗಾಗಿ ಜುಲೈನಲ್ಲಿ ಅಂಗಡಿಯ ವ್ಯಾಪಾರ ಅರ್ಧಕ್ಕಿಳಿಯುತ್ತದೆ ಎಂದು ಹೇಳುವುದು ಪೂರ್ತಿ ಸರಿಯಲ್ಲ. ಸರಕು ಹೋಗುತ್ತಲೇ ಇರುತ್ತದೆ, ಹಣ ಬರುವುದು ನಿಲ್ಲುತ್ತದೆ. ಸಗಟು ವ್ಯಾಪಾರಿಗೆ ಮಾತ್ರ ಹಣ ಕೊಡಲೇಬೇಕು.

ಇದರ ಅರ್ಥವನ್ನು ಸ್ವಲ್ಪ ನಿಂತು ನೋಡಬೇಕು. ಅಂಗಡಿಯವನು ತನಗೆ ತಿಳಿಯದೆಯೇ ಆಗಲೇ ಹೂಡಿಕೆ ಮಾಡಿಬಿಟ್ಟಿದ್ದಾನೆ. ಅವನ ಹಣ ಊರಿನ ನಲವತ್ತು ಐವತ್ತು ಮನೆಗಳ ಅಡುಗೆಮನೆಯಲ್ಲಿದೆ, ಆ ಮನೆಗಳ ಶೇಂಗಾ ಹೊಲದಲ್ಲಿದೆ. ಮಳೆ ಬಂದರೆ ಅದು ಹಿಂದಿರುಗುತ್ತದೆ. ಬಾರದಿದ್ದರೆ ಬಾಕಿ ಪುಸ್ತಕದಲ್ಲೇ ಉಳಿಯುತ್ತದೆ. ಹಾಗಿರುವಾಗ ಉಳಿದ ಹಣದಿಂದ ಅವನು ಶೇಂಗಾ ಕೊಂಡು ದಾಸ್ತಾನು ಇಟ್ಟರೆ, ಊರಿನವರಿಗೇ ಬಡ್ಡಿಗೆ ಕೊಟ್ಟರೆ, ಇಲ್ಲವೆ ಇನ್ನೊಂದು ಎಕರೆ ಖುಷ್ಕಿ ಜಮೀನು ಕೊಂಡರೆ, ಅವನ ಅಂಗಡಿ ನಿಂತಿರುವ ಮಳೆಯ ಮೇಲೆಯೇ ಉಳಿತಾಯವೂ ನಿಲ್ಲುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷದಲ್ಲಿ ಅಂಗಡಿಯೂ, ಕೊಟ್ಟ ಸಾಲವೂ, ಕೊಂಡ ಜಮೀನೂ ಒಟ್ಟಿಗೆ ಕೈಕೊಡುತ್ತವೆ. ಅಂಗಡಿಯವನ ಉಳಿತಾಯಕ್ಕೆ ಇರಬೇಕಾದ ಮೊದಲ ಗುಣವೆಂದರೆ, ಪಾವಗಡದಲ್ಲಿ ಮಳೆಯಾಗದಿದ್ದರೂ ಅದು ಕೈಗೆ ಸಿಗುವಂತಿರಬೇಕು.

ಈಗ ಲೆಕ್ಕ. ಇಲ್ಲಿ ಆದಾಯವೆಂದರೆ ಗಲ್ಲಾಕ್ಕೆ ಬಿದ್ದ ಹಣವಲ್ಲ. ಸರಕಿನ ಬೆಲೆ, ಮಳಿಗೆಯ ಬಾಡಿಗೆ, ಕರೆಂಟು ಬಿಲ್ಲು, ಸಾಗಾಣಿಕೆ ಎಲ್ಲವನ್ನೂ ಕಳೆದು ನಗದಾಗಿ ಉಳಿದದ್ದು ಮಾತ್ರ. ಬಾಕಿ ಪುಸ್ತಕದಲ್ಲಿ ಬರೆದ ಮೊತ್ತವನ್ನು ಅದು ವಸೂಲಾದ ತಿಂಗಳಿಗೆ ಸೇರಿಸಬೇಕೇ ಹೊರತು ಬರೆದ ತಿಂಗಳಿಗಲ್ಲ. ಹಾಗೆ ಬರೆದರೆ ಉದಾಹರಣೆಯ ಅಂಗಡಿಯ ಒಂದು ಸಾಧಾರಣ ವರ್ಷ ಹೀಗಿರುತ್ತದೆ: ಏಪ್ರಿಲ್‌ನಲ್ಲಿ 14,000 ರೂಪಾಯಿ, ಮೇನಲ್ಲಿ 13,000, ಜೂನ್‌ನಲ್ಲಿ 9,000, ಜುಲೈನಲ್ಲಿ 7,000, ಆಗಸ್ಟ್‌ನಲ್ಲಿ 9,000, ಸೆಪ್ಟೆಂಬರ್‌ನಲ್ಲಿ 13,000. ಅಲ್ಲಿಂದ ಏರಿಕೆ. ಅಕ್ಟೋಬರ್‌ನಲ್ಲಿ 20,000, ನವೆಂಬರ್‌ನಲ್ಲಿ 28,000, ಡಿಸೆಂಬರ್‌ನಲ್ಲಿ 24,000, ಜಾತ್ರೆಯ ಜನವರಿಯಲ್ಲಿ 37,000. ಬಳಿಕ ಫೆಬ್ರವರಿಯಲ್ಲಿ 16,000, ಮಾರ್ಚ್‌ನಲ್ಲಿ 14,000. ವರ್ಷದ ಒಟ್ಟು 2,04,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 17,000.

ಹಾಗಾದರೆ ಮನೆಯ ಖರ್ಚನ್ನು 17,000ಕ್ಕೆ ಗೊತ್ತುಮಾಡಬಹುದೇ? ಬಹುತೇಕರು ಇಲ್ಲಿಯೇ ಎಡವುತ್ತಾರೆ. ಸರಾಸರಿಯು ಒಳ್ಳೆಯ ವರ್ಷದ ಸರಾಸರಿ. ಮಳೆ ಕೈಕೊಟ್ಟ ವರ್ಷವನ್ನು ತೆಗೆದುಕೊಳ್ಳೋಣ. ಸುಗ್ಗಿಯ ಮೂರು ತಿಂಗಳ ಆದಾಯ ಅರ್ಧವಾಯಿತೆಂದರೆ ಅಕ್ಟೋಬರ್‌ನಲ್ಲಿ 10,000, ನವೆಂಬರ್‌ನಲ್ಲಿ 14,000, ಡಿಸೆಂಬರ್‌ನಲ್ಲಿ 12,000 ಮಾತ್ರ ಬರುತ್ತದೆ. 72,000 ಬರಬೇಕಾದ ಕಡೆ 36,000. ವರ್ಷದ ಒಟ್ಟು 1,68,000ಕ್ಕೆ ಇಳಿಯುತ್ತದೆ. ಅದನ್ನು ಹನ್ನೆರಡರಿಂದ ಭಾಗಿಸಿದರೆ 14,000. ಮನೆಗೆ ಕೊಂಡೊಯ್ಯಬೇಕಾದ ಸಂಬಳ ಈ 14,000. ಒಳ್ಳೆಯ ವರ್ಷದ ಸರಾಸರಿಯ ಮೇಲೆ ಬದುಕು ಕಟ್ಟಿದವನು ಕೆಟ್ಟ ವರ್ಷದಲ್ಲಿ 36,000 ಸಾಲಗಾರನಾಗುತ್ತಾನೆ. ಕೆಟ್ಟ ವರ್ಷದ ಸರಾಸರಿಯ ಮೇಲೆ ಕಟ್ಟಿದವನಿಗೆ ಒಳ್ಳೆಯ ವರ್ಷದಲ್ಲಿ ಅಷ್ಟೇ ಹಣ ಉಳಿಯುತ್ತದೆ.

ಸಂಬಳವೆಂಬ ಮಾತನ್ನು ಬೇಕೆಂದೇ ಬಳಸಲಾಗಿದೆ. ಅಂಗಡಿಯ ಯಜಮಾನನು ತಿಂಗಳ 1ನೇ ತಾರೀಖು ಅಂಗಡಿಯ ಖಾತೆಯಿಂದ ಮನೆಯ ಖಾತೆಗೆ 14,000 ವರ್ಗಾಯಿಸಬೇಕು. ಜನವರಿಯಲ್ಲೂ ಅಷ್ಟೇ, ಜುಲೈನಲ್ಲೂ ಅಷ್ಟೇ. ಹಿಂದೆ ಇದು ಕಷ್ಟವಿತ್ತು, ಗಲ್ಲಾ ಪೆಟ್ಟಿಗೆಯೇ ಮನೆಯ ಪರ್ಸೂ ಆಗಿತ್ತು. ಈಗ ಕಷ್ಟ ಬೇರೆ ರೂಪದಲ್ಲಿದೆ. ಕೌಂಟರಿನ ಮೇಲೆ ಅಂಟಿಸಿದ ಕ್ಯುಆರ್ ಕೋಡ್ ಯಾವ ಖಾತೆಗೆ ಸೇರಿದೆಯೋ ಅದೇ ಖಾತೆಯಿಂದ ಮೊಬೈಲ್ ರೀಚಾರ್ಜ್, ಮಕ್ಕಳ ಶುಲ್ಕ, ಹೋಟೆಲ್ ಬಿಲ್ಲು ಎಲ್ಲವೂ ಹೋಗುತ್ತವೆ. ತಿಂಗಳ ಕೊನೆಯಲ್ಲಿ ಆ ಖಾತೆಯಲ್ಲಿ ಉಳಿದದ್ದು ಲಾಭವೋ, ಸಗಟು ವ್ಯಾಪಾರಿಗೆ ಕೊಡಬೇಕಾದ ಹಣವೋ ಯಾರಿಗೂ ತಿಳಿಯದು. ಕ್ಯುಆರ್ ಕೋಡನ್ನು ಅಂಗಡಿಗೆಂದೇ ಇರುವ ಖಾತೆಗೆ ಜೋಡಿಸಿ, ಮನೆಯ ಖರ್ಚಿಗೆ ಬೇರೆ ಖಾತೆ ಇಡುವುದರಿಂದ ಅರ್ಧ ಗೊಂದಲ ಅಲ್ಲಿಯೇ ಮುಗಿಯುತ್ತದೆ.

ಮೂರನೆಯ ಖಾತೆಯೊಂದು ಬೇಕು, ಇಡೀ ವ್ಯವಸ್ಥೆ ನಿಂತಿರುವುದು ಅದರ ಮೇಲೆ. ಬಡತಿಂಗಳುಗಳಿಗೆ ಆಧಾರವಾಗಿ ಇಡುವ ಆ ನಿಧಿಯನ್ನು ತಡೆನಿಧಿ ಎಂದು ಕರೆಯೋಣ. ಸಾಧಾರಣ ವರ್ಷದಲ್ಲಿ 14,000ದ ಸಂಬಳಕ್ಕೆ ಮೇನಲ್ಲಿ 1,000, ಜೂನ್‌ನಲ್ಲಿ 5,000, ಜುಲೈನಲ್ಲಿ 7,000, ಆಗಸ್ಟ್‌ನಲ್ಲಿ 5,000, ಸೆಪ್ಟೆಂಬರ್‌ನಲ್ಲಿ 1,000 ಕಡಿಮೆ ಬೀಳುತ್ತದೆ. ಒಟ್ಟು ಕೊರತೆ 19,000. ಮಳೆ ಹೋದ ವರ್ಷದಲ್ಲಿ ಅಕ್ಟೋಬರ್‌ನಲ್ಲೂ ಡಿಸೆಂಬರ್‌ನಲ್ಲೂ ಕೊರತೆ ಮುಂದುವರಿದು ಜಾತ್ರೆಯ ಹೊತ್ತಿಗೆ 25,000ಕ್ಕೆ ಮುಟ್ಟುತ್ತದೆ. ಅಂಥ ವರ್ಷದಲ್ಲಿ ಜಾತ್ರೆಯ ವ್ಯಾಪಾರವೂ ಸಪ್ಪೆಯಾಗಬಹುದು, ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿಯಬಹುದು. ಆದುದರಿಂದ ಮೂರು ತಿಂಗಳ ಸಂಬಳದಷ್ಟು, ಅಂದರೆ 42,000, ತಡೆನಿಧಿಯ ಗುರಿಯಾಗಿರಲಿ. ಏಪ್ರಿಲ್‌ನಲ್ಲಿ 42,000 ಇದ್ದರೆ ಸೆಪ್ಟೆಂಬರ್ ಕೊನೆಗೆ 23,000 ಉಳಿಯುತ್ತದೆ. ಮಳೆ ಹೋದ ವರ್ಷವಾದರೂ ಡಿಸೆಂಬರ್ ಕೊನೆಗೆ 17,000 ಇರುತ್ತದೆ. ಅದು ಬರಿದಾಗುವುದಿಲ್ಲ.

ಈ ನಿಧಿಯಿಲ್ಲದೆ ನೇರವಾಗಿ ಹೂಡಿಕೆಗೆ ಇಳಿದರೆ ಏನಾಗುತ್ತದೆಂಬುದನ್ನು ರೂಪಾಯಿಯಲ್ಲಿಯೇ ಹೇಳಬಹುದು. ಜನವರಿಯ ಹಣವನ್ನೆಲ್ಲ ದೀರ್ಘಾವಧಿಯ ಠೇವಣಿಗೆ ಹಾಕಿದವನು ಮೇನಿಂದ ಸೆಪ್ಟೆಂಬರ್‌ವರೆಗಿನ 19,000 ಕೊರತೆಗೆ ಕೈಸಾಲ ಮಾಡಬೇಕು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ ತಂದು ನವೆಂಬರ್‌ನಲ್ಲಿ ತೀರಿಸಿದರೆ ಬಡ್ಡಿಯೇ 2,280 ಆಗುತ್ತದೆ. ಅದೇ 19,000ಕ್ಕೆ ಠೇವಣಿಯಲ್ಲಿ ಶೇ. 7.1ರ ದರದಲ್ಲಿ ಆರು ತಿಂಗಳಿಗೆ ಸಿಕ್ಕಿದ್ದು ಸುಮಾರು 675. ಠೇವಣಿಯ ಪಾಸ್‌ಬುಕ್ಕು ಕಪಾಟಿನಲ್ಲಿ ಭದ್ರವಾಗಿದೆ, ಯಜಮಾನ ಮಾತ್ರ ಸಾಹುಕಾರನ ಜಗಲಿಯಲ್ಲಿದ್ದಾನೆ! ಈಗಾಗಲೇ ಇಂಥ ಸಾಲವಿದ್ದರೆ ಅದನ್ನು ತೀರಿಸುವುದೇ ಮೊದಲ ಹೂಡಿಕೆ. ವರ್ಷಕ್ಕೆ ಶೇ. 36 ಗಳಿಸಿಕೊಡುವ ಠೇವಣಿ ಯಾವ ಬ್ಯಾಂಕಿನಲ್ಲಿಯೂ ಇಲ್ಲ.

ತಡೆನಿಧಿಯನ್ನು ತುಂಬುವ ಬಗೆಯಲ್ಲಿ ಕರ್ನಾಟಕಕ್ಕೆ ತನ್ನದೇ ಆದ ಅನುಭವವಿದೆ. 1925ರಲ್ಲಿ ಉಡುಪಿಯಲ್ಲಿ ಆರಂಭವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಅದರ ಸ್ಥಾಪಕರಲ್ಲೊಬ್ಬರು ಡಾ. ಟಿ.ಎಂ.ಎ. ಪೈ. ಏಜೆಂಟನು ದಿನವೂ ಮನೆ ಹಾಗೂ ಅಂಗಡಿಯ ಬಾಗಿಲಿಗೇ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಖಾತೆಗೆ ಕಟ್ಟುತ್ತಿದ್ದ. ತಿಂಗಳ ಸಂಬಳವಿಲ್ಲದ ನೇಕಾರರು, ಮೀನುಗಾರರು, ಸಣ್ಣ ವ್ಯಾಪಾರಿಗಳು ತಿಂಗಳಿಗೊಮ್ಮೆ ಉಳಿಸಲಾರರು, ದಿನಕ್ಕೊಮ್ಮೆ ಉಳಿಸಬಲ್ಲರು ಎಂಬುದು ಅದರ ಹಿಂದಿದ್ದ ತಿಳಿವಳಿಕೆ. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಪದ ಮಾತ್ರ ಕನ್ನಡದ್ದೇ ಆಗಿ ಎಲ್ಲ ಪೇಟೆಗಳಲ್ಲೂ ಉಳಿದಿದೆ.

ಪಿಗ್ಮಿಯನ್ನು ಯಾವುದಕ್ಕೆ ಬಳಸಬೇಕು ಎಂಬುದರಲ್ಲಿ ಸ್ಪಷ್ಟತೆ ಬೇಕು. ಏಜೆಂಟನ ಕಮಿಷನ್ನಿನ ವೆಚ್ಚವಿರುವುದರಿಂದ ಅದರ ಬಡ್ಡಿ ಕಡಿಮೆ. ಹತ್ತು ವರ್ಷದ ಸಂಪತ್ತು ಕಟ್ಟಲು ಅದು ಸಾಧನವಲ್ಲ. ಅಕ್ಟೋಬರ್‌ನಿಂದ ಜನವರಿಯವರೆಗೆ ಗಲ್ಲಾ ತುಂಬಿರುವಾಗ ದಿನಕ್ಕೆ ಇನ್ನೂರು ಮುನ್ನೂರು ರೂಪಾಯಿಯನ್ನು ಕೈಯಿಂದ ದೂರ ಮಾಡಲು ಅದರಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ. ಸಂಜೆಯ ಹೊತ್ತಿಗೆ ಯಾರೋ ಒಬ್ಬರು ಬಂದು ಕೇಳುತ್ತಾರೆಂಬ ಒಂದೇ ಕಾರಣಕ್ಕೆ ಅಷ್ಟು ಹಣ ಖರ್ಚಾಗದೆ ಉಳಿಯುತ್ತದೆ. ಕೆಟ್ಟ ತಿಂಗಳಲ್ಲಿ ಕಡಿಮೆ ಕಟ್ಟಲು ಅಥವಾ ಬಿಡಲು ಅವಕಾಶವಿದೆಯೇ, ಅವಧಿಗೆ ಮುನ್ನ ತೆಗೆದರೆ ಎಷ್ಟು ಕಡಿತವಾಗುತ್ತದೆ ಎಂಬೆರಡನ್ನು ಖಾತೆ ತೆರೆಯುವ ದಿನವೇ ಕೇಳಿ ತಿಳಿದುಕೊಳ್ಳಬೇಕು. ಹಣ ಕೊಟ್ಟಾಗ ಯಂತ್ರದ ಚೀಟಿ ಪಡೆಯಬೇಕು. ತಿಂಗಳಿಗೊಮ್ಮೆ ಶಾಖೆಗೆ ಹೋಗಿ ಖಾತೆಯ ಶಿಲ್ಕನ್ನು ಚೀಟಿಗಳೊಂದಿಗೆ ತಾಳೆ ನೋಡಬೇಕು. ಪಿಗ್ಮಿಯಲ್ಲಿ ಹಣ ಕಳೆದುಹೋಗುವುದು ಅಂಗಡಿಗೂ ಶಾಖೆಗೂ ನಡುವಿನ ದಾರಿಯಲ್ಲಿ. ಏಜೆಂಟ್ ಪರಿಚಯದವನು, ಬಂಧು ಎಂದು ತಾಳೆ ನೋಡುವುದನ್ನು ಬಿಟ್ಟವರೇ ಹೆಚ್ಚಾಗಿ ನಷ್ಟಕ್ಕೊಳಗಾಗುತ್ತಾರೆ.

ಇನ್ನೊಂದು ಪ್ರಶ್ನೆ ಸದಸ್ಯರಿಗೆ ನೇರವಾಗಿ ಸಂಬಂಧಿಸಿದ್ದು. ಪಿಗ್ಮಿ ಸಂಗ್ರಹಿಸುವವರೆಲ್ಲ ಬ್ಯಾಂಕಿನವರಲ್ಲ. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳಲ್ಲಿ ಪ್ರತಿ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರವರಿಯಲ್ಲಿ ಈ ಮಿತಿಯನ್ನು 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಪತ್ತಿನ ಸಹಕಾರಿಗಳಿಗೂ ಈ ವಿಮೆ ಇಲ್ಲ. ಅವುಗಳಲ್ಲಿ ಚೆನ್ನಾಗಿ ನಡೆಯುವವು ಅನೇಕ ಇವೆ, ಎಲ್ಲವನ್ನೂ ಅನುಮಾನಿಸಬೇಕಾಗಿಲ್ಲ. ಆದರೆ ಬಡತಿಂಗಳಿಗೆಂದು ಇಟ್ಟ 42,000 ರೂಪಾಯಿ ಅಪಾಯಕ್ಕೆ ಒಡ್ಡುವ ಹಣವಲ್ಲ, ಅದು ವಿಮೆಯಿರುವ ಕಡೆಯೇ ಇರಲಿ. ಇನ್ನು ಯಾವ ನೋಂದಣಿಯೂ ಇಲ್ಲದೆ, ನೂರಕ್ಕೆ ಎರಡು ರೂಪಾಯಿ ಬಡ್ಡಿ ಕೊಡುತ್ತೇವೆಂದು ಮನೆಮನೆಗೆ ಬರುವವರ ವಿಚಾರ ಬೇರೆ. ಅಂಥ ಅನಿಯಂತ್ರಿತ ಠೇವಣಿ ಸಂಗ್ರಹವನ್ನು 2019ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ರಾಜ್ಯದಲ್ಲಿ ಠೇವಣಿದಾರರ ಹಿತರಕ್ಷಣೆಗಾಗಿ 2004ರ ಕಾಯ್ದೆಯೂ ಜಾರಿಯಲ್ಲಿದೆ. ಇಂಥವರು ಊರಿಗೆ ಕಾಲಿಟ್ಟಾಗ ಮೊದಲು ಭೇಟಿಯಾಗುವುದು ಪಂಚಾಯಿತಿ ಸದಸ್ಯರನ್ನು. ಸದಸ್ಯರು ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಒಂದು ಫೋಟೊ ಅವರಿಗೆ ಸಾಕ್ಷಿಪತ್ರದಂತೆ ಕೆಲಸ ಮಾಡುತ್ತದೆ.

ತಡೆನಿಧಿ ತುಂಬಿದ ಮೇಲೆಯೇ ಹೂಡಿಕೆಯ ಮಾತು. ಉದಾಹರಣೆಯ ಅಂಗಡಿಗೆ ಹಿಂತಿರುಗೋಣ. ಅಕ್ಟೋಬರ್‌ನಲ್ಲಿ ಲೆಕ್ಕ ಆರಂಭಿಸಿದರೆ ಫೆಬ್ರವರಿಯೊಳಗೆ ಸಂಬಳ ಕಳೆದು 55,000 ಉಳಿಯುತ್ತದೆ. ಮೊದಲ ವರ್ಷ ಅದರಲ್ಲಿ 42,000 ತಡೆನಿಧಿಗೆ ಹೋಗಿ, ಹೂಡಿಕೆಗೆ 13,000 ಮಾತ್ರ ದಕ್ಕುತ್ತದೆ. ಎರಡನೆಯ ವರ್ಷದಿಂದ ತಡೆನಿಧಿಯಲ್ಲಿ ಖರ್ಚಾದ 19,000ವನ್ನು ಮೊದಲು ಮರುತುಂಬಿ, ಉಳಿದ 36,000ವನ್ನು ತೊಡಗಿಸಬಹುದು. ಜಾತ್ರೆಗೆ ಮುನ್ನ ಸರಕು ತುಂಬಿಸಲು ಬೇಕಾದ ಬಂಡವಾಳ ಅಂಗಡಿಯ ಖಾತೆಯಲ್ಲೇ ಇರಬೇಕು, ಅದನ್ನು ಇಲ್ಲಿ ಎಣಿಸಿಲ್ಲ. ಆದ್ದರಿಂದ ಹೂಡಿಕೆಯ ತೀರ್ಮಾನ ಜಾತ್ರೆ ಮುಗಿದು, ಸಗಟು ವ್ಯಾಪಾರಿಯ ಲೆಕ್ಕ ಚುಕ್ತಾ ಆದ ಬಳಿಕ, ವರ್ಷಕ್ಕೆ ಒಂದೇ ಸಲ ಆಗಲಿ.

ಈ 36,000ಕ್ಕೆ ಯೋಗ್ಯವಾದ ಜಾಗ ಯಾವುದು? ಕೇಳಬೇಕಾದ ಪ್ರಶ್ನೆ ಬಡ್ಡಿಯ ದರವೊಂದೇ ಅಲ್ಲ. ಮುಂದಿನ ವರ್ಷ ಏನೂ ಕಟ್ಟಲಾಗದಿದ್ದರೆ ಏನಾಗುತ್ತದೆ ಎಂಬುದು ಅದಕ್ಕಿಂತ ಮುಖ್ಯ. ಈ ಪ್ರಶ್ನೆಗೆ ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿಪಿಎಫ್, ಒಳ್ಳೆಯ ಉತ್ತರ ಕೊಡುತ್ತದೆ. ವರ್ಷಕ್ಕೆ ಕನಿಷ್ಠ 500 ರೂಪಾಯಿ, ಗರಿಷ್ಠ 1,50,000. ನಡುವೆ ಎಷ್ಟನ್ನಾದರೂ, ಯಾವಾಗಲಾದರೂ ಕಟ್ಟಬಹುದು. ಒಂದು ವರ್ಷ 24,000, ಮರುವರ್ಷ 500 ಕಟ್ಟಿದರೂ ಖಾತೆಗೆ ಭಂಗವಿಲ್ಲ. ಅದನ್ನೂ ಮರೆತರೆ ಆ ವರ್ಷಕ್ಕೆ 50 ರೂಪಾಯಿ ದಂಡದೊಂದಿಗೆ 500 ಕಟ್ಟಿ ಖಾತೆಯನ್ನು ಮತ್ತೆ ಚಾಲನೆಗೆ ತರಬಹುದು. ಬಡ್ಡಿ 2020ರ ಏಪ್ರಿಲ್‌ನಿಂದ ಶೇ. 7.1 ಇದೆ, ಸರ್ಕಾರ ಮೂರು ತಿಂಗಳಿಗೊಮ್ಮೆ ಇದನ್ನು ಪರಿಶೀಲಿಸುತ್ತದೆ. ಶಾಖಾ ಅಂಚೆ ಕಚೇರಿಗಳಲ್ಲಿಯೂ 2020ರಿಂದ ಈ ಖಾತೆ ತೆರೆಯಲು ಅವಕಾಶವಾಗಿರುವುದರಿಂದ ಪಾವಗಡದವರೆಗೆ ಹೋಗುವ ಅಗತ್ಯ ಎಲ್ಲರಿಗೂ ಇಲ್ಲ.

ಪಿಪಿಎಫ್‌ನಲ್ಲಿ ಒಂದು ಸೂಕ್ಷ್ಮವಿದೆ. ತಿಂಗಳ 5ನೇ ತಾರೀಖಿನ ಬಳಿಕದಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಶಿಲ್ಕಿಗೆ ಆ ತಿಂಗಳ ಬಡ್ಡಿ ಲೆಕ್ಕವಾಗುತ್ತದೆ. ಜಾತ್ರೆಯ ಹಣವನ್ನು ಫೆಬ್ರವರಿ 5ರೊಳಗೆ ಕಟ್ಟಿದರೆ ಫೆಬ್ರವರಿ, ಮಾರ್ಚ್ ಎರಡೂ ತಿಂಗಳ ಬಡ್ಡಿ ಸಿಗುತ್ತದೆ. 24,000ಕ್ಕೆ 284 ರೂಪಾಯಿ. ವಾಡಿಕೆಯಂತೆ ಮಾರ್ಚ್ ಕೊನೆಗೆ ಓಡಿಹೋಗಿ ಕಟ್ಟಿದರೆ ಆ ವರ್ಷಕ್ಕೆ ಏನೂ ಇಲ್ಲ. ಪ್ರತಿ ಫೆಬ್ರವರಿಯಲ್ಲಿ 24,000ದಂತೆ ಹದಿನೈದು ಸಲ ಕಟ್ಟಿದರೆ ಕಟ್ಟಿದ್ದು 3,60,000; ದರ ಇದೇ ಉಳಿದರೆ ಹದಿನೈದನೆಯ ಮಾರ್ಚ್ ಕೊನೆಗೆ ಖಾತೆಯಲ್ಲಿ ಸುಮಾರು 6,15,000 ಇರುತ್ತದೆ.

ಇದರ ಮಿತಿಯನ್ನೂ ಮುಚ್ಚಿಡಬಾರದು. ಖಾತೆಯ ಅವಧಿ ಹದಿನೈದು ವರ್ಷ. ಖಾತೆ ತೆರೆದ ಆರ್ಥಿಕ ವರ್ಷ ಮುಗಿದು ಐದು ವರ್ಷ ಕಳೆಯುವ ತನಕ ಹಣದ ಒಂದು ಭಾಗವನ್ನೂ ಹಿಂಪಡೆಯಲಾಗದು. ಮೂರನೆಯ ವರ್ಷದಿಂದ ಸಾಲ ಪಡೆಯಲು ಮಾತ್ರ ಅವಕಾಶವಿದೆ. ತಡೆನಿಧಿಯಿಲ್ಲದವನು ಇದರಲ್ಲಿ ಹಣ ಹಾಕಬಾರದೆಂದು ಹೇಳಿದ್ದು ಅದಕ್ಕಾಗಿಯೇ. ವ್ಯಾಪಾರಸ್ಥನಿಗೆ ಇನ್ನೊಂದು ರಕ್ಷಣೆಯೂ ಇಲ್ಲಿದೆ: ಅಂಗಡಿಯ ಸಾಲ ನ್ಯಾಯಾಲಯದ ಮೆಟ್ಟಿಲೇರಿದರೂ ಪಿಪಿಎಫ್ ಖಾತೆಯ ಹಣವನ್ನು ಆ ಸಾಲಕ್ಕಾಗಿ ಜಪ್ತಿ ಮಾಡುವಂತಿಲ್ಲ.

ಮನೆಯಲ್ಲಿ ಹತ್ತು ವರ್ಷ ತುಂಬದ ಹೆಣ್ಣುಮಗುವಿದ್ದರೆ ಸುಕನ್ಯಾ ಸಮೃದ್ಧಿ ಖಾತೆಯೂ ಇದೇ ಸ್ವಭಾವದ್ದು. ವರ್ಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟಿದರೆ ಸಾಕು, ಬಡ್ಡಿಯೂ ಪಿಪಿಎಫ್‌ಗಿಂತ ಹೆಚ್ಚು. 2024ರ ಜನವರಿಯಲ್ಲಿ ಅದನ್ನು ಶೇ. 8.2ಕ್ಕೆ ಏರಿಸಲಾಯಿತು. 24,000ದಲ್ಲಿ ಒಂದು ಪಾಲನ್ನು ಅಲ್ಲಿಗೆ ತಿರುಗಿಸುವುದು ಲಾಭಕರ.

ಉಳಿದ 12,000ವನ್ನು ಐದು ವರ್ಷದೊಳಗೆ ಬೇಕಾಗಬಹುದಾದ ಕೆಲಸಗಳಿಗೆ, ಫ್ರಿಜ್ಜು ಬದಲಿಸಲು, ಮಳಿಗೆಯ ಶೀಟು ಹಾಕಿಸಲು, ಮಗನನ್ನು ಕಾಲೇಜಿಗೆ ಸೇರಿಸಲು ಇಡಬೇಕು. ಇದಕ್ಕೆ ಅನೇಕರು ಆವರ್ತಕ ಠೇವಣಿಯನ್ನು, ಅಂದರೆ ಆರ್.ಡಿ.ಯನ್ನು ಆರಿಸುತ್ತಾರೆ. ಅಂಚೆ ಕಚೇರಿಯ ಆರ್.ಡಿ.ಗೆ ಪ್ರತಿ ತಿಂಗಳೂ ಒಂದೇ ಮೊತ್ತ ಕಟ್ಟಬೇಕು. ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ನಾಲ್ಕು ಕಂತು ತಪ್ಪಿದ ಮೇಲೆ ಖಾತೆ ಸ್ಥಗಿತವಾಗುತ್ತದೆ, ಮರುಜೀವಕ್ಕೆ ಎರಡು ತಿಂಗಳ ಅವಕಾಶ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್ ಎಂದರೆ ಸರಿಯಾಗಿ ನಾಲ್ಕು ತಿಂಗಳು! ಮುಂಗಡವಾಗಿ ಹನ್ನೆರಡು ಕಂತು ಒಟ್ಟಿಗೆ ಕಟ್ಟಿದರೆ ನೂರು ರೂಪಾಯಿಯ ಕಂತಿಗೆ 40 ರೂಪಾಯಿಯಂತೆ ರಿಯಾಯಿತಿ ಇರುವುದು ಕೆಲವರಿಗಷ್ಟೇ ಗೊತ್ತು. 1,000ದ ಆರ್.ಡಿ.ಗೆ ಫೆಬ್ರವರಿಯಲ್ಲಿ ವರ್ಷದ ಕಂತನ್ನು ಕಟ್ಟಿದರೆ 12,000ದ ಬದಲು 11,600 ಸಾಕು. ಈಗಾಗಲೇ ಆರ್.ಡಿ. ಇರುವವರು ಇದನ್ನು ಬಳಸಿಕೊಳ್ಳಲಿ. ಹೊಸದಾಗಿ ಆರಂಭಿಸುವವರಿಗೆ ಅಂಚೆ ಕಚೇರಿಯ ಅವಧಿ ಠೇವಣಿ ಮೇಲು. ಒಮ್ಮೆ ಇಟ್ಟರೆ ಮುಂದಿನ ವರ್ಷ ಇಡಲೇಬೇಕೆಂಬ ಕಟ್ಟಳೆಯಿಲ್ಲ. 1,000 ರೂಪಾಯಿಯಿಂದ ಆರಂಭಿಸಿ 1, 2, 3 ಅಥವಾ 5 ವರ್ಷಕ್ಕೆ ಇಡಬಹುದು. ಮೊದಲ ಆರು ತಿಂಗಳು ಮುರಿಸಲಾಗದು ಎಂಬುದನ್ನು ನೆನಪಿಡಬೇಕು.

ಇದೇ ಪ್ರಶ್ನೆಯನ್ನು ಚೀಟಿಗೂ ಹಾಕಬೇಕು. ಊರಿನಲ್ಲಿ ನಡೆಯುವ ಚೀಟಿಯಲ್ಲಿ ಜುಲೈ ತಿಂಗಳ ಕಂತಿಗೆ ವಿನಾಯಿತಿ ಇಲ್ಲ. ಕಂತು ಕಟ್ಟಲು ಕೈಸಾಲ ತರುವವನಿಗೆ ಚೀಟಿಯ ಲಾಭ ಬಡ್ಡಿಯಲ್ಲಿ ಕರಗುತ್ತದೆ. ನೋಂದಣಿಯಿಲ್ಲದ ಚೀಟಿ ಮುರಿದರೆ ಕೇಳುವವರೂ ಇರುವುದಿಲ್ಲ. ಮ್ಯೂಚುವಲ್ ಫಂಡಿನ ತಿಂಗಳ ಕಂತಿಗೂ ಇದೇ ಮಾತು ಅನ್ವಯಿಸುತ್ತದೆ. ಖಾತೆಯಲ್ಲಿ ಹಣವಿಲ್ಲದ ದಿನ ಸ್ವಯಂ ಕಡಿತದ ಆದೇಶ ಬಂದರೆ ಬ್ಯಾಂಕು ಶುಲ್ಕ ಹಾಕುತ್ತದೆ. ಅದರಲ್ಲಿ ಆಸಕ್ತಿಯಿರುವವರು ಹತ್ತು ವರ್ಷ ಮುಟ್ಟದ ಹಣವನ್ನು ಮಾತ್ರ, ಫೆಬ್ರವರಿಯಲ್ಲಿ ಒಂದೇ ಮೊತ್ತವಾಗಿ ಹಾಕಲಿ.

ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸದಸ್ಯರಿಗೆ ಇಲ್ಲೊಂದು ಮಾತು ಸೇರಿಸಬೇಕು. ಸೌರ ಉದ್ಯಾನಕ್ಕೆ ಜಮೀನು ಗುತ್ತಿಗೆ ಕೊಟ್ಟ ಕುಟುಂಬಗಳಿಗೆ ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ ಎಂದು ನಿಗದಿಯಾಯಿತು. ಐದು ಎಕರೆಯವರಿಗೆ ಆರಂಭದ ದರದಲ್ಲಿ 1,05,000 ಒಂದೇ ಸಲ ಬರುತ್ತದೆ. ತಿಂಗಳಿಗೆ ಹಂಚಿದರೆ 8,750. ಈ ಹಣದ ವಿಶೇಷವೆಂದರೆ ಅದು ಮಳೆಯ ಮೇಲೆ ನಿಂತಿಲ್ಲ. ಅಂಗಡಿಯೂ ಗುತ್ತಿಗೆಯೂ ಎರಡೂ ಇರುವ ಮನೆಯಲ್ಲಿ ಗುತ್ತಿಗೆ ಹಣದಿಂದಲೇ ತಡೆನಿಧಿಯನ್ನು ಒಂದೇ ದಿನದಲ್ಲಿ ತುಂಬಿಸಬಹುದು. ಗುತ್ತಿಗೆ ಹಣ ಬಂದ ವಾರ ಊರಿನ ಅಂಗಡಿಗಳ ಬಾಕಿಯೂ ವಸೂಲಾಗುತ್ತದೆ. ಆ ವಾರದ ಗಲ್ಲಾವನ್ನು ನೋಡಿ ವ್ಯಾಪಾರ ಬೆಳೆಯಿತೆಂದು ಭಾವಿಸಿ ಹೊಸ ಗಾಡಿಗೆ ಮುಂಗಡ ಕೊಟ್ಟವರು ಮುಂದಿನ ಕಂತುಗಳಿಗೆ ಕಷ್ಟಪಡುತ್ತಾರೆ.

ಈ ಏರ್ಪಾಡು ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ಎಂಬುದನ್ನು ಎರಡು ದಿನಾಂಕಗಳಲ್ಲಿ ನೋಡಿದರೆ ಸಾಕು. ಒಂದು, ಆಗಸ್ಟ್ 15. ಉದಾಹರಣೆಯ ಅಂಗಡಿಯ ತಡೆನಿಧಿಯಲ್ಲಿ ಅಂದು 24,000ಕ್ಕಿಂತ ಕಡಿಮೆಯಿದ್ದರೆ ಸಂಬಳ ಹೆಚ್ಚಾಗಿದೆ, ಇಲ್ಲವೆ ಮನೆಗೆ 14,000ಕ್ಕಿಂತ ಬೇರೆ ದಾರಿಯಲ್ಲಿ ಹಣ ಹೋಗುತ್ತಿದೆ. ಎರಡು, ಡಿಸೆಂಬರ್ ಕೊನೆ. ಅಂದು ಬಾಕಿ ಪುಸ್ತಕವನ್ನು ಕೂಡಿ ಹಿಂದಿನ ವರ್ಷದ ಅದೇ ದಿನದ ಮೊತ್ತದೊಂದಿಗೆ ಹೋಲಿಸಬೇಕು. ಸುಗ್ಗಿ ಕಳೆದರೂ ಬಾಕಿ ಇಳಿಯದೆ ಏರಿದ್ದರೆ, ಏರಿದ ಮೊತ್ತವನ್ನು ಆ ವರ್ಷದ ಹೂಡಿಕೆಯಿಂದ ಕಡಿಮೆ ಮಾಡಬೇಕು. ಬಾಕಿ 15,000 ಏರಿದ್ದರೆ 36,000ದ ಬದಲು 21,000 ಮಾತ್ರ ತೊಡಗಿಸಿ, ಮಿಕ್ಕಿದ್ದನ್ನು ಅಂಗಡಿಯ ಖಾತೆಯಲ್ಲೇ ಬಿಟ್ಟು ಮಾರ್ಚ್‌ವರೆಗೆ ವಸೂಲಿಯನ್ನು ಕಾದು ನೋಡಬೇಕು. ಅಷ್ಟರೊಳಗೆ ಬಾಕಿ ಬಂದರೆ ಏಪ್ರಿಲ್ 5ರೊಳಗೆ ಅದನ್ನು ಪಿಪಿಎಫ್‌ಗೆ ಕಟ್ಟಬಹುದು, ಹೊಸ ಆರ್ಥಿಕ ವರ್ಷದ ಪೂರ್ತಿ ಬಡ್ಡಿ ಅದಕ್ಕೆ ಸಿಗುತ್ತದೆ. ಬಾರದಿದ್ದರೆ ಆ ಹಣ ಜೂನ್ ತಿಂಗಳ ಸರಕಿಗೆ ಬೇಕಾಗುತ್ತದೆ.